ಸುಮಾ, ನೀನು ಯಾರನ್ನೂ ಬಿಡಬೇಕಾಗಿಲ್ಲ

ಸುಮಾ,

ಇದನ್ನ ಬಾಯಲ್ಲೇ ಹೇಳೋಣ ಅಂತ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು "ಆಮೇಲೆ ಮಾತಾಡೋಣ ಕಣೇ" ಅಂತ ಅವಸರದಲ್ಲಿ ಇಟ್ಟುಬಿಟ್ಟೆ. ನಾನೇನೋ ಕೇಳಿಬಿಡ್ತೀನಿ ಅನ್ನೋ ಭಯ ನಿನ್ನ ದನೀಲೇ ಇತ್ತು. ಅದಕ್ಕೇ ಬರೀತಿದ್ದೀನಿ. ಉದ್ದ ಆಗತ್ತೆ, ಬಿಡುವಾದಾಗ ಓದು. ಉತ್ತರ ಬರೀಲೇಬೇಕು ಅಂತೇನಿಲ್ಲ.

ಮುಖ್ಯವಾದದ್ದನ್ನ ಮೊದಲೇ ಹೇಳಿಬಿಡ್ತೀನಿ. ಬೇರೆಯಾಗಿರೋದು ನಾನು ಮತ್ತೆ ಕಿರಣ. ನೀನು ನನ್ನಿಂದಾಗಲಿ ಅವನಿಂದಾಗಲಿ ಬೇರೆಯಾಗಬೇಕಾಗಿಲ್ಲ. ಅವನೋ ನಾನೋ ಅಂತ ನಾನು ನಿನ್ನನ್ನ ಕೇಳಲ್ಲ. ಮನಸ್ಸಲ್ಲೂ ಕೇಳಬಾರದು ಅಂತ ನೋಡ್ತಿದ್ದೀನಿ.

ಕಳೆದ ಭಾನುವಾರ ನೀನು ಮನೆಗೆ ಬಂದಿದ್ದೆಯಲ್ಲ, ಅವತ್ತು ಮೇಜಿನ ಮೇಲಿದ್ದ ನಿನ್ನ ಫೋನ್ ಗುಂಯ್ ಅಂತು. ನೀನು ತಟಕ್ಕನೆ ಕೈಚಾಚಿ ಅದನ್ನ ಬೋರಲು ಹಾಕಿದೆ. ಅಷ್ಟರಲ್ಲಿ ನನಗೆ ಅವನ ಹೆಸರು ಕಂಡಿತ್ತು. ಆಮೇಲೆ ನೀನು ಆಫೀಸಿನ ಕಥೆ ಮುಂದುವರಿಸಿದೆ, ಆದ್ರೆ ಎಲ್ಲಿ ಬಿಟ್ಟಿದ್ದೆ ಅನ್ನೋದೇ ನಿನಗೆ ಮರೆತುಹೋಗಿತ್ತು. ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದೆ. ನಾನು ಮೊದಲ ಸಲ ಕೇಳ್ತಿರೋ ಹಾಗೆ ಕೂತಿದ್ದೆ. ಫೋನ್ ಮತ್ತೆ ಎರಡು ಸಲ ಗುಂಯ್ ಅಂತು, ನೀನು ಅದರ ಕಡೆ ನೋಡಲೇ ಇಲ್ಲ. ಏನೋ ಕದ್ದು ಸಿಕ್ಕಿಬಿದ್ದವಳ ಹಾಗಿತ್ತು ನಿನ್ನ ಮುಖ.

ನೀನು ಹೋದಮೇಲೆ ತುಂಬಾ ಹೊತ್ತು ಅದೇ ಕಣ್ಣ ಮುಂದೆ ಬರ್ತಿತ್ತು. ಆರನೇ ಕ್ಲಾಸಿಂದ ನಿನ್ನ ಜೊತೆಗಿರೋನು ಅವನು. ನಿಮ್ಮಪ್ಪ ಹೋದಾಗ ಮೂರು ರಾತ್ರಿ ನಿಮ್ಮನೇಲೇ ಇದ್ದೋನು. ಅಂಥವನ ಮೆಸೇಜು ಬಂತು ಅಂತ ನೀನು ನನ್ನೆದುರು ತಪ್ಪಿತಸ್ಥಳ ಹಾಗೆ ಕೂರಬೇಕಾ? ಹಾಗೆ ಕೂರೋ ಹಾಗೆ ಮಾಡಿದ್ದು ನಾನೇ ಅಲ್ವಾ?

ಹೌದು, ನಾನೇ. ಒಂದು ದಿನ ನೀನು ನನ್ನ ಕಡೆಗೇ ಬರಬೇಕು ಅಂತ ನಾನು ಆಸೆಪಟ್ಟಿದ್ದು ನಿಜ. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. "ಅವನು ನಿನ್ನ ಹತ್ರ ಏನಂದ?" ಅಂತ ಕೇಳ್ತಿದ್ದೆನಲ್ಲ, ನನಗೆ ಬೇಕಾಗಿದ್ದದ್ದು ಅವನ ಸುದ್ದಿ ಅಲ್ಲ. ಅವನ ಮಾತನ್ನ ನೀನು ಹೇಗೆ ಹೇಳ್ತೀಯ, ಹೇಳುವಾಗ ಮುಖ ಗಂಟಿಕ್ಕುತ್ತೀಯಾ, ಅದನ್ನ ನೋಡಬೇಕಿತ್ತು. ಅದು ನಿನಗೆ ಇಟ್ಟ ಪರೀಕ್ಷೆ. ಇಬ್ಬರ ಸಂಬಂಧ ಮುರಿದಾಗ ಜೊತೆಗಿದ್ದವರು ಯಾರ ಕಡೆ ಬಂದ್ರು ಅಂತ ಎಣಿಸ್ತಾ ಕೂರೋದು ಎಷ್ಟು ಸಣ್ಣತನ ಅಂತ ನನಗೆ ಗೊತ್ತು. ಗೊತ್ತಿದ್ದೂ ಎಣಿಸಿದೆ. ನಿನ್ನನ್ನ ಕಳ್ಕೊಂಡುಬಿಡ್ತೀನಿ ಅನ್ನೋ ಹೆದರಿಕೆ ಕಣೇ. ಲೆಕ್ಕ ಹಾಕಿದ್ರೆ ನೀನು ಮೊದಲು ಅವನ ಗೆಳತಿ, ಅವನ ಮೂಲಕ ನನಗೆ ಸಿಕ್ಕವಳು. ಅವನು ಹೋದ್ರೆ ಅವನ ಜೊತೆ ಬಂದದ್ದೆಲ್ಲ ಹೋಗತ್ತೇನೋ ಅಂತ ರಾತ್ರಿಯೆಲ್ಲ ಯೋಚಿಸಿದ್ದಿದೆ. ನಿನಗೆ ಇದನ್ನ ಇದುವರೆಗೆ ಹೇಳಿರಲಿಲ್ಲ. ಪರೀಕ್ಷೆ ಇಟ್ಟದ್ದಕ್ಕೆ ಕ್ಷಮಿಸು.

ಇನ್ನೊಂದು ಮಾತು ಸರಿಮಾಡಬೇಕು. ಬೇರೆಯಾದ ರಾತ್ರಿ ನಿನಗೆ ಫೋನ್ ಮಾಡಿ ಒಂದು ಗಂಟೆ ಅತ್ತೆನಲ್ಲ, ಅವತ್ತು "ಅವನಿಗೆ ನನ್ನ ಮೇಲೆ ಯಾವತ್ತೂ ಪ್ರೀತಿನೇ ಇರಲಿಲ್ಲ, ನಾಲ್ಕು ವರ್ಷ ನಾಟಕ ಆಡಿದ" ಅಂದಿದ್ದೆ. ಅದು ಸುಳ್ಳು. ಇತ್ತು. ನನಗೂ ಇತ್ತು. ಕೊನೆಯ ಒಂದು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ದಣಿವಾಗಿಬಿಟ್ಟಿದ್ವಿ. ಅವನಿಗೆ ಬೇಕಾದ ಬದುಕು ಬೇರೆ, ನನಗೆ ಬೇಕಾದದ್ದು ಬೇರೆ, ಅದನ್ನ ಮಾತಾಡೋಕೆ ಇಬ್ಬರಿಗೂ ಧೈರ್ಯ ಬರಲಿಲ್ಲ. ಮಾತಾಡಿದಾಗ ತೀರಾ ತಡವಾಗಿತ್ತು. ಅವನ ಮೇಲೆ ನನಗೆ ಸಿಟ್ಟಿದೆ, ಇಲ್ಲ ಅನ್ನಲ್ಲ. ಕೆಲವು ಮಾತು ಅವನು ಆಡಬಾರದಿತ್ತು. ಆದ್ರೆ ಅವನು ಕೆಟ್ಟವನಲ್ಲ. ಆ ರಾತ್ರಿಯ ನನ್ನ ಮಾತು ತಲೇಲಿಟ್ಕೊಂಡು ನೀನು ಅವನ ಜೊತೆ ಬಿಗುವಾಗಿದ್ದೀಯ ಅಂತಾದ್ರೆ, ದಯವಿಟ್ಟು ಅದನ್ನ ಅಲ್ಲಿಗೇ ಬಿಟ್ಟುಬಿಡು.

ಆ ಚೀಲದ ವಿಷಯ. ಅವನ ಮನೇಲಿದ್ದ ನನ್ನ ಸಾಮಾನು ತಗೊಂಡು ನೀನು ಬಾಗಿಲಲ್ಲಿ ನಿಂತಿದ್ದೆ. ಮೇಲ್ಗಡೆ ನನ್ನ ನೀಲಿ ಸ್ವೆಟರು ಮಡಚಿಟ್ಟಿತ್ತು. ಅವನು ಹಾಗೆ ಮಡಚೋನಲ್ಲ, ತೋಳನ್ನ ಒಳಗೆ ಮಡಚೋದು ನಿನ್ನ ಅಭ್ಯಾಸ. ಅಂದ್ರೆ ಅವನು ತುರುಕಿ ಕೊಟ್ಟದ್ದನ್ನ ನೀನು ದಾರೀಲೆಲ್ಲೋ ಬಿಚ್ಚಿ ಮತ್ತೆ ಜೋಡಿಸಿದ್ದೆ, ನನಗೆ ನೋವಾಗಬಾರದು ಅಂತ. ಅವತ್ತು ನಾನು ಥ್ಯಾಂಕ್ಸ್ ಕೂಡ ಹೇಳದೆ ಬಾಗಿಲು ಹಾಕ್ಕೊಂಡೆ. ಈಗ ಹೇಳ್ತಿದ್ದೀನಿ. ಜೊತೆಗೆ ಇದನ್ನೂ ಕೇಳ್ಕೋ: ಅಂಥ ಕೆಲಸ ಇನ್ಮೇಲೆ ನಿನಗೆ ಹಚ್ಚಲ್ಲ. ಅವನ ಎರಡು ಪುಸ್ತಕ ಮತ್ತೆ ಮನೆಯ ಬೀಗದ ಕೈ ನನ್ನ ಹತ್ರ ಉಳಿದಿವೆ. ನಾನೇ ಅವನಿಗೆ ಮೆಸೇಜು ಮಾಡಿ ಕಳಿಸ್ತೀನಿ. ಅವನಿಗೆ ನಾನು ಹೇಳಬೇಕಾದದ್ದು ಏನಾದ್ರೂ ಇದ್ರೆ ನಾನೇ ಹೇಳ್ತೀನಿ. ಅವನು ನಿನ್ನ ಮೂಲಕ ಏನಾದ್ರೂ ಹೇಳಿಕಳಿಸಿದ್ರೆ, "ನೀನೇ ಅವಳಿಗೆ ಹೇಳು" ಅನ್ನು. ನನಗೆ ಬೇಜಾರಾಗಲ್ಲ.

ಅವನ ಸುದ್ದಿ ನಾನಾಗಿ ಕೇಳದೆ ನನಗೆ ಬೇಡ. ಕೇಳಿದ್ರೂ ಹೇಳಬೇಕು ಅಂತಿಲ್ಲ. ಕೆಲವು ರಾತ್ರಿ ನಾನು ಕೇಳಿಬಿಡಬಹುದು, ಆಗ "ಇವತ್ತು ಬೇಡ ಕಣೇ" ಅಂದುಬಿಡು, ಸುಮ್ಮನಾಗ್ತೀನಿ. ನನ್ನ ವಿಷಯ ಅವನಿಗೆ ಹೇಳೋದು ಬಿಡೋದು ನಿನಗೆ ಬಿಟ್ಟದ್ದು. ಚೆನ್ನಾಗಿದ್ದೀನಿ ಅಂತ ಸುಳ್ಳು ಹೇಳಬೇಕಾಗಿಲ್ಲ, ಅಳ್ತಾ ಕೂತಿದ್ದಾಳೆ ಅಂತ ಹೇಳೋದೂ ಬೇಡ. ಒಂದೇ ಒಂದು ವಿಷಯದಲ್ಲಿ ಮಾತ್ರ ನಿನ್ನ ಸಹಾಯ ಬೇಕು. ಮುಂದೆ ಅವನ ಬದುಕಲ್ಲಿ ಇನ್ನೊಬ್ಬಳು ಬಂದ್ರೆ, ಅದು ನನಗೆ ಯಾರದೋ ಫೋಟೋದಲ್ಲಿ ಗೊತ್ತಾಗಬಾರದು. ಅವನ ಒಪ್ಪಿಗೆ ಕೇಳಿ, ಒಂದು ಸಾಲು ನನಗೆ ಹೇಳು. ಯಾರು, ಹೇಗೆ, ಎಲ್ಲಿ ಅಂತ ಏನೂ ಬೇಡ. ಒಂದು ಸಾಲು ಸಾಕು, ಮಿಕ್ಕಿದ್ದನ್ನ ನಾನು ನೋಡ್ಕೋತೀನಿ. ಇದೂ ನಿನಗೆ ಭಾರ ಅನ್ನಿಸಿದ್ರೆ ಬೇಡ ಅನ್ನು.

ನೀನು ಅವನ ಜೊತೆ ಸುತ್ತಾಡು, ನಗು, ಅವನ ಕಷ್ಟ ಕೇಳು. ಅವನಿಗೂ ಈಗ ಯಾರಾದ್ರೂ ಬೇಕು. ಅವನು ಮನಸ್ಸು ಬಿಚ್ಚೋದು ನಿನ್ನೊಬ್ಬಳ ಹತ್ರ ಅಂತ ನನಗಿಂತ ಚೆನ್ನಾಗಿ ಬಲ್ಲವರಿಲ್ಲ, ಆ ವಿಷಯಕ್ಕೇ ನಾವು ಎಷ್ಟು ಸಲ ಜಗಳ ಆಡಿದ್ವೋ. ಅವನು ನನ್ನ ಬಗ್ಗೆ ಬೈದ್ರೆ ನನ್ನ ಪರವಾಗಿ ವಾದಕ್ಕೆ ನಿಲ್ಲಬೇಡ, ಕೇಳಿಸ್ಕೊ. ನಾನು ಬೈದದ್ದನ್ನ ಕೇಳಿಸ್ಕೊಂಡ ಹಾಗೇ. ಅವನು ಹೇಳಿದ್ದರಲ್ಲಿ ಕೆಲವು ನಿನಗೆ ನಿಜ ಅನ್ನಿಸಬಹುದು. ಅನ್ನಿಸಲಿ. ಅದರಿಂದ ನೀನು ನನಗೆ ದ್ರೋಹ ಮಾಡಿದ ಹಾಗೆ ಆಗಲ್ಲ. ನಿನ್ನ ಪ್ರೊಫೈಲಲ್ಲಿದ್ದ ನಾವು ಮೂವರ ಫೋಟೋ ತೆಗೆದುಬಿಟ್ಟಿದ್ದೀಯ. ನನಗೋಸ್ಕರ ತೆಗೆದಿದ್ರೆ ವಾಪಸ್ ಹಾಕು. ಆ ದಿನ ನಿಜವಾಗಿ ಚೆನ್ನಾಗಿತ್ತು, ಈಗ ಬೇರೆಯಾಗಿದ್ದೀವಿ ಅಂತ ಅದು ಸುಳ್ಳಾಗಲ್ಲ.

ಎಲ್ಲಾನೂ ನಗ್ತಾ ನುಂಗಿಬಿಡ್ತೀನಿ ಅಂತ ಮಾತು ಕೊಡೋಕಾಗಲ್ಲ. ನೀವಿಬ್ಬರೂ ಎಲ್ಲೋ ಹೋಗಿದ್ರಿ ಅಂತ ಗೊತ್ತಾದ ದಿನ ನನಗೆ ಹೊಟ್ಟೆಲಿ ಏನೋ ಹಿಂಡಿದ ಹಾಗೆ ಆಗಬಹುದು. ಎರಡು ದಿನ ನಿನ್ನ ಫೋನ್ ಎತ್ತದೇ ಇರಬಹುದು. ಹಾಗಾದ್ರೆ ನೀನು ಏನೋ ತಪ್ಪು ಮಾಡಿದೆ ಅಂದ್ಕೋಬೇಡ. ನನ್ನ ನೋವನ್ನ ನಾನು ಸಂಭಾಳಿಸ್ತಿದ್ದೀನಿ ಅಂದ್ಕೋ, ಮೂರನೇ ದಿನ ಮತ್ತೆ ಫೋನ್ ಮಾಡು. ಅದಕ್ಕೆ ಬದಲಾಗಿ ನನ್ನ ಹತ್ರ ಮುಚ್ಚಿಡಬೇಡ. ಅವನನ್ನ ನೋಡೋಕೆ ಹೋಗುವಾಗ "ಸ್ವಲ್ಪ ಕೆಲಸ ಇದೆ" ಅನ್ನಬೇಡ. "ಕಿರಣನ ಜೊತೆ ಹೋಗ್ತಿದ್ದೀನಿ" ಅಂತಲೇ ಅನ್ನು. ನೀನು ಅವನನ್ನ ಕಂಡದ್ದಕ್ಕಿಂತ, ಅದನ್ನ ಮುಚ್ಚಿಟ್ಟಿದ್ದೀಯ ಅಂತ ಗೊತ್ತಾಗೋದೇ ನನಗೆ ಹೆಚ್ಚು ನೋಯತ್ತೆ.

ಈಗ ನಿನ್ನ ಹುಟ್ಟುಹಬ್ಬದ ಮಾತು. ಈ ಸಲ ಯಾರನ್ನೂ ಕರೆಯಲ್ಲ, ಮೂಡಿಲ್ಲ ಅಂದೆಯಲ್ಲ. ನಿನಗೆ ಮೂಡಿಲ್ಲದ್ದಕ್ಕಲ್ಲ ಅಂತ ನನಗೆ ಗೊತ್ತು. ಒಬ್ಬರನ್ನ ಕರೆದ್ರೆ ಇನ್ನೊಬ್ಬರಿಗೆ ನೋವು, ಇಬ್ಬರನ್ನೂ ಕರೆದ್ರೆ ಏನಾಗತ್ತೋ ಅಂತ ನಿನ್ನ ದಿನವನ್ನೇ ಬಿಟ್ಟುಕೊಟ್ಟಿದ್ದೀಯ. ಹಾಗೆ ಮಾಡಬೇಡ. ಇಬ್ಬರನ್ನೂ ಕರಿ. ಅವನು ಬರ್ತಾನಾ ಅಂತ ನಾನು ಕೇಳಲ್ಲ, ಬರ್ತಾನೆ ಅಂದ್ಕೊಂಡೇ ಬರ್ತೀನಿ. ಅವನು ಕಂಡ್ರೆ "ಹೇಗಿದ್ದೀಯ" ಅಂತೀನಿ, ಅಷ್ಟು ನನ್ನಿಂದ ಆಗತ್ತೆ. ಕಷ್ಟ ಅನ್ನಿಸಿದ್ರೆ ನಿನಗೊಂದು ಮಾತು ಹೇಳಿ ಬೇಗ ಹೊರಡ್ತೀನಿ, ಆಗ ನೀನು ನನ್ನ ಹಿಂದೆ ಗೇಟಿನವರೆಗೆ ಓಡಿ ಬರಬಾರದು. ಒಳಗೇ ಇರು, ಅದು ನಿನ್ನ ಸಂಜೆ. ನಾವಿಬ್ಬರೂ ದೊಡ್ಡವರು, ಒಂದು ಕೋಣೇಲಿ ಎರಡು ಗಂಟೆ ಇರೋಕೆ ಕಲೀತೀವಿ.

ಅವನಿಗೂ ಇದನ್ನೇ ಬರೆದು ತಿಳಿಸಬೇಕು ಅನ್ನಿಸ್ತು, ಬರೆದಿಲ್ಲ. ಈ ವಿಷಯದಲ್ಲಿ ಅವನ ಪರವಾಗಿ ನಾನು ಮಾತಾಡೋ ಹಾಗಿಲ್ಲ. ಅವನು ನಿನ್ನನ್ನ ಯಾವ ಕಡೆ ಅಂತ ಕೇಳಿದ್ರೆ ಏನನ್ನಬೇಕು ಅನ್ನೋದು ನಿನಗೆ ಬಿಟ್ಟದ್ದು. ಆದ್ರೆ ಅವನು ಕೇಳೋನಲ್ಲ ಅಂತ ನನಗನ್ನಿಸತ್ತೆ.

ನಮ್ಮ ಮೂವರ ಗ್ರೂಪು ಇನ್ನೂ ಇದೆ. ನಿನ್ನೆ ತೆಗೆದು ನೋಡಿದೆ. ಕೊನೆಗೆ ನೀನೇ ಹಾಕಿದ್ದು: "ಯಾರ ಹತ್ರ ಇದೆ ನನ್ನ ಛತ್ರಿ?" ಎರಡೂವರೆ ತಿಂಗಳಾಯ್ತು, ನಾವಿಬ್ಬರೂ ಅದಕ್ಕೆ ಉತ್ತರ ಕೊಟ್ಟಿಲ್ಲ. ನಾನು ಆ ಗ್ರೂಪಿಂದ ಹೊರಗೆ ಹೋಗಿಲ್ಲ, ಅವನೂ ಹೋಗಿಲ್ಲ. ಹುಟ್ಟುಹಬ್ಬದ ದಿನ ಎಷ್ಟು ಗಂಟೆಗೆ ಬರಬೇಕು ಅಂತ ಅಲ್ಲೇ ಹಾಕು. ನಮಗೆ ಬೇರೆ ಬೇರೆ ಕಳಿಸಬೇಡ.

ಛತ್ರಿ ನನ್ನ ಹತ್ರ ಇದೆ. ಅವತ್ತು ತರ್ತೀನಿ.

ನಿನ್ನ
ಅನು