ಕಲಂ 142(1)ರ ನೋಟಿಸಿಗೆ ಉತ್ತರಿಸಲು ಕಾಲಾವಕಾಶ ಕೋರಿ ಮನವಿ

ದಾವಣಗೆರೆ
ದಿನಾಂಕ: 10-11-2025

ಇವರಿಗೆ,
ತೆರಿಗೆ ನಿರ್ಧಾರಣಾಧಿಕಾರಿಗಳು,
ಆದಾಯ ತೆರಿಗೆ ಇಲಾಖೆ

ಮಾನ್ಯರೇ,

ವಿಷಯ: 2024-25ನೇ ತೆರಿಗೆ ನಿರ್ಧಾರಣಾ ವರ್ಷದ ಪರಿಶೀಲನೆಯಲ್ಲಿ ಉತ್ತರ ಸಲ್ಲಿಸುವ ದಿನಾಂಕವನ್ನು 12-11-2025ರಿಂದ 28-11-2025ಕ್ಕೆ ಮುಂದೂಡುವ ಬಗ್ಗೆ.

ಉಲ್ಲೇಖ: ಆದಾಯ ತೆರಿಗೆ ಕಾಯ್ದೆ, 1961ರ ಕಲಂ 143(2)ರ ಅಡಿ 24-06-2025ರ ನೋಟಿಸು ಮತ್ತು ಕಲಂ 142(1)ರ ಅಡಿ 03-11-2025ರ ನೋಟಿಸು.

ನಾನು ಹಾರ್ಡ್‌ವೇರ್ ಮತ್ತು ಪೇಂಟ್ ವ್ಯಾಪಾರಿಯಾಗಿದ್ದು, ಮೇಲ್ಕಂಡ ವರ್ಷದ ರಿಟರ್ನನ್ನು ಕಲಂ 44ಎಬಿ ಅನ್ವಯ ಲೆಕ್ಕಪರಿಶೋಧನೆ ಮಾಡಿಸಿ 12-11-2024ರಂದು ಸಲ್ಲಿಸಿರುತ್ತೇನೆ. 03-11-2025ರ ನೋಟಿಸಿನಲ್ಲಿ ತಾವು ಮುಖ್ಯವಾಗಿ ಎರಡು ವಿಷಯಗಳ ವಿವರಣೆ ಕೇಳಿರುತ್ತೀರಿ: ಬ್ಯಾಂಕ್ ಖಾತೆಗಳಿಗೆ ಜಮೆಯಾದ ರೂ. 38,40,000 ನಗದಿನ ಮೂಲ, ಮತ್ತು ಮೂವರಿಂದ ಪಡೆದ ರೂ. 14,50,000 ಕೈಸಾಲ. ಉತ್ತರಕ್ಕೆ 12-11-2025ರ ಗಡುವು ನೀಡಲಾಗಿದೆ.

ನನ್ನ ಪರವಾಗಿ ಹಾಜರಾಗಲು ಅಧಿಕಾರ ಪಡೆದಿರುವ ಚಾರ್ಟರ್ಡ್ ಅಕೌಂಟೆಂಟ್‌ರವರು ಕಳೆದ ತಿಂಗಳ ಕೊನೆಯ ವಾರದಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದು, 19-11-2025ರವರೆಗೆ ಸಂಪೂರ್ಣ ವಿಶ್ರಾಂತಿಯಲ್ಲಿರಬೇಕೆಂದು ವೈದ್ಯರು ಸೂಚಿಸಿರುತ್ತಾರೆ. ಅವರ ಒಪ್ಪಿಗೆ ಪಡೆದು ವೈದ್ಯಕೀಯ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ಬೇರೊಬ್ಬ ಅಕೌಂಟೆಂಟ್‌ರನ್ನು ನೇಮಿಸಿಕೊಳ್ಳಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆದರೆ ಆ ವರ್ಷದ ಲೆಕ್ಕಪರಿಶೋಧನೆ ನಡೆಸಿ ವರದಿಗೆ ಸಹಿ ಹಾಕಿದವರೂ ಅವರೇ ಆಗಿರುವುದರಿಂದ, ನಗದು ಪುಸ್ತಕವನ್ನು ಬ್ಯಾಂಕ್ ಜಮೆಗಳೊಡನೆ ತಾಳೆ ನೋಡಿದ ಟಿಪ್ಪಣಿಗಳು ಅವರ ಬಳಿಯೇ ಇವೆ. ಹೊಸಬರು ಆ ಕೆಲಸವನ್ನು ಮೊದಲಿನಿಂದ ಮಾಡಬೇಕಾದರೆ ನಾನು ಈಗ ಕೇಳುತ್ತಿರುವುದಕ್ಕಿಂತ ಹೆಚ್ಚಿನ ಸಮಯ ಹಿಡಿಯುತ್ತದೆ.

ದಾಖಲೆಗಳ ಸ್ಥಿತಿ ಹೀಗಿದೆ. ನಗದು ಜಮೆಯ ಪೈಕಿ ರೂ. 31,25,000 ನನ್ನ ವ್ಯಾಪಾರದ ಚಾಲ್ತಿ ಖಾತೆಗೆ ಸೇರಿದ್ದು, ಅದಕ್ಕೆ ಸಂಬಂಧಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್, ನಗದು ಪುಸ್ತಕ, ಮಾರಾಟದ ಲೆಡ್ಜರ್ ಹಾಗೂ ಜಿಎಸ್‌ಟಿ ರಿಟರ್ನ್‌ಗಳನ್ನು ಈ ಪತ್ರದೊಂದಿಗೇ ಸಲ್ಲಿಸುತ್ತಿದ್ದೇನೆ. ಉಳಿದ ರೂ. 7,15,000 ಒಂದು ಸಹಕಾರಿ ಬ್ಯಾಂಕಿನ ಖಾತೆಗೆ ಜಮೆಯಾಗಿದೆ. ಆ ಬ್ಯಾಂಕು ನಡುವೆ ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ಬದಲಿಸಿರುವುದರಿಂದ, 2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸ್ಟೇಟ್‌ಮೆಂಟನ್ನು ಹಳೆಯ ದಾಖಲೆಗಳಿಂದ ತೆಗೆಸಬೇಕಾಗಿದ್ದು, 18-11-2025ರೊಳಗೆ ಕೊಡುವುದಾಗಿ ಶಾಖೆಯವರು ತಿಳಿಸಿದ್ದಾರೆ. ನಾನು ಕೊಟ್ಟ ಅರ್ಜಿಯ ಸ್ವೀಕೃತಿ ಪ್ರತಿ ಲಗತ್ತಿನಲ್ಲಿದೆ. ಪಾಸ್‌ಬುಕ್ಕಿನ ನಮೂದುಗಳು ನನ್ನಲ್ಲಿದ್ದರೂ ಕೆಲವು ಪುಟಗಳಲ್ಲಿ ಅಕ್ಷರ ಅಳಿಸಿಹೋಗಿರುವುದರಿಂದ, ಅರೆಬರೆ ಓದಿಕೊಂಡು ಅಂಕಿ ಬರೆದು ಕೊಡುವುದು ಸರಿಯಲ್ಲವೆಂದು ಅವನ್ನು ತಡೆಹಿಡಿದಿದ್ದೇನೆ.

ಸಾಲ ಕೊಟ್ಟ ಮೂವರಲ್ಲಿ ಇಬ್ಬರ (ರೂ. 6,00,000 ಮತ್ತು ರೂ. 3,50,000) ದೃಢೀಕರಣ ಪತ್ರ, ಪ್ಯಾನ್ ಪ್ರತಿ, ರಿಟರ್ನಿನ ಸ್ವೀಕೃತಿ ಮತ್ತು ಹಣ ವರ್ಗಾವಣೆ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧವಾಗಿದ್ದು, ಅವನ್ನೂ ಲಗತ್ತಿಸಿದ್ದೇನೆ. ರೂ. 5,00,000 ಕೊಟ್ಟ ನನ್ನ ಭಾವನವರು ಪುಣೆಯಲ್ಲಿದ್ದು, ಅವರ ಸಹಿಯುಳ್ಳ ದೃಢೀಕರಣ ಪತ್ರ ಹಾಗೂ ಅವರ ಬ್ಯಾಂಕ್ ದಾಖಲೆಗಳು ಅಂಚೆಯಲ್ಲಿ ಬರಬೇಕಾಗಿವೆ. ಈ ಮೊತ್ತವೂ ಚೆಕ್ ಮೂಲಕವೇ ಬಂದಿರುತ್ತದೆ. ಆದರೂ ಕಲಂ 68ರ ಅಡಿ ಸಾಲ ಕೊಟ್ಟವರ ಗುರುತು, ಅವರ ಆರ್ಥಿಕ ಸಾಮರ್ಥ್ಯ ಮತ್ತು ವ್ಯವಹಾರದ ನೈಜತೆ ಮೂರನ್ನೂ ತೋರಿಸುವ ಹೊಣೆ ನನ್ನದೇ ಆಗಿರುವುದರಿಂದ, ಬರೀ ಚೆಕ್ಕಿನ ವಿವರ ಕೊಟ್ಟು ಕೈತೊಳೆದುಕೊಳ್ಳಲು ನಾನು ಬಯಸುವುದಿಲ್ಲ.

ಆದ್ದರಿಂದ 28-11-2025ರವರೆಗೆ ಕಾಲಾವಕಾಶ ನೀಡಬೇಕೆಂದು ವಿನಂತಿಸುತ್ತೇನೆ. ಈ ಪ್ರಕರಣದಲ್ಲಿ ನಾನು ಇದುವರೆಗೆ ಮುಂದೂಡಿಕೆ ಕೇಳಿಲ್ಲ. ಕಲಂ 153ರ ಪ್ರಕಾರ ನಿರ್ಧಾರಣೆ ಮುಗಿಸಲು 31-03-2026ರವರೆಗೆ ಅವಧಿ ಇರುವುದರಿಂದ, ಇಷ್ಟು ಸಮಯ ಕೊಟ್ಟರೆ ತಮ್ಮ ಕೆಲಸಕ್ಕೆ ತೊಡಕಾಗಲಾರದು ಎಂದು ಭಾವಿಸಿದ್ದೇನೆ. ಅಷ್ಟು ದಿನ ಕೊಡಲು ಸಾಧ್ಯವಿಲ್ಲವೆಂದಾದಲ್ಲಿ ಕನಿಷ್ಠ 24-11-2025ರವರೆಗಾದರೂ ಅವಕಾಶ ಕೊಟ್ಟು, ಈಗ ಸಲ್ಲಿಸಿರುವ ದಾಖಲೆಗಳನ್ನು ಭಾಗಶಃ ಉತ್ತರವೆಂದು ಪರಿಗಣಿಸಬೇಕೆಂದೂ, ಅದಕ್ಕೆ ಮುನ್ನ ಕಲಂ 144ರ ಅಡಿ ಏಕಪಕ್ಷೀಯ ನಿರ್ಧಾರಣೆಗಾಗಲಿ ಕಲಂ 272ಎ(1)(ಡಿ) ಅಡಿ ದಂಡಕ್ಕಾಗಲಿ ಕ್ರಮ ಕೈಗೊಳ್ಳಬಾರದೆಂದೂ ಕೋರುತ್ತೇನೆ.

ಇದೇ ಮನವಿಯನ್ನು ಇ-ಫೈಲಿಂಗ್ ಪೋರ್ಟಲ್‌ನ ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿಯೂ ದಾಖಲಿಸಿದ್ದೇನೆ. ಕಾರಣ ಬರೆಯಲು ಅಲ್ಲಿರುವ ಜಾಗದಲ್ಲಿ ಇಷ್ಟೆಲ್ಲ ವಿವರ ಹಿಡಿಸದ ಕಾರಣ ಈ ಪತ್ರವನ್ನು ಪ್ರತ್ಯೇಕವಾಗಿ ಬರೆದಿದ್ದೇನೆ. ಅಕೌಂಟೆಂಟ್‌ರವರು ಕೆಲಸಕ್ಕೆ ಮರಳುವವರೆಗೆ ಈ ಪ್ರಕರಣದ ಸೂಚನೆಗಳನ್ನು ಪೋರ್ಟಲ್‌ನಲ್ಲಿ ನೋಂದಾಯಿತವಾಗಿರುವ ನನ್ನ ಸ್ವಂತ ಇಮೇಲ್ ವಿಳಾಸಕ್ಕೆ ಕಳುಹಿಸಿದರೆ ನಾನೇ ಉತ್ತರಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಕೆ. ಬಸವರಾಜ
ತೆರಿಗೆದಾರ