ಉದ್ದೇಶ ಪತ್ರ: ಅಂತಾರಾಷ್ಟ್ರೀಯ ಭೂಮಿ ಮತ್ತು ನೀರು ನಿರ್ವಹಣೆ ಎಂಎಸ್ಸಿ, ವಾಗೆನಿಂಗನ್ ವಿಶ್ವವಿದ್ಯಾಲಯ, ನೆದರ್‌ಲ್ಯಾಂಡ್ಸ್

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಅಲ್ಲಿನ ರೈತರ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆಯುವ ಕೆಲಸಕ್ಕೆ ಸೇರಿದೆ. ಕೆರೆ ತುಂಬಿದ ಮೇಲೆ ಹಲವು ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು. ಆದರೆ ಅಕ್ಕಪಕ್ಕದ ಹೊಲಗಳಲ್ಲೇ ಅಳತೆ ಬೇರೆ ಬೇರೆ. ಅದು ಗಟ್ಟಿ ಬಂಡೆಯ ನೆಲ, ಬಿರುಕು ಇದ್ದ ಕಡೆ ಮಾತ್ರ ನೀರು ಇಳಿಯುತ್ತದೆ.

ಟೊಮೆಟೊ ಬೆಳೆಯುವ ಅಜ್ಜಿಯೊಬ್ಬರು, "ನೀರೇನೋ ಬಂತಪ್ಪ, ಇದನ್ನ ಕುಡೀಬಹುದಾ?" ಎಂದು ಕೇಳಿದರು. ನನ್ನ ಅಳತೆ ಟೇಪಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆಮೇಲೆ ಅದೇ ಬೋರ್‌ವೆಲ್‌ಗಳ ನೀರಿನಲ್ಲಿ ನೈಟ್ರೇಟ್ ಪರೀಕ್ಷೆ ಶುರು ಮಾಡಿದೆ.

ನೀರಿನ ಮಟ್ಟ, ಗುಣ, ಹಂಚಿಕೆಯನ್ನು ಒಟ್ಟಿಗೆ ನೋಡುವುದನ್ನು ನಿಮ್ಮಲ್ಲಿ ಕಲಿಯಬೇಕು. ಪ್ರಬಂಧಕ್ಕೂ ಇದೇ ಕೆರೆಗಳನ್ನು ತೆಗೆದುಕೊಳ್ಳುತ್ತೇನೆ.