ತಿನಿಸುಗಳ ವಿವರ ಮತ್ತು ಪ್ರಮಾಣ

ಇಲ್ಲಿ ಬರೆದಿರುವ ತೂಕವೆಲ್ಲ ಬೇಯಿಸಿದ ಮೇಲೆ, ಡಬ್ಬಿಯ ತೂಕವನ್ನು ಬಿಟ್ಟು, ತಕ್ಕಡಿಯಲ್ಲಿ ನೋಡಿದ ತೂಕ. ‘ಒಬ್ಬರಿಗೆ’ ಎಂದಿರುವಲ್ಲಿ, ಜೊತೆಗೆ ಬೇರೇನನ್ನೂ ತರಿಸದೆ ದೊಡ್ಡವರೊಬ್ಬರು ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು ಎಂದು ತಿಳಿಯಬೇಕು. ಚಿತ್ರಗಳನ್ನು ತಟ್ಟೆಯಲ್ಲಿ ಅಲಂಕರಿಸಿ ತೆಗೆದಿಲ್ಲ. ನಿಮ್ಮ ಕೈಗೆ ಬರುವ ಡಬ್ಬಿಯಲ್ಲೇ, ಅಷ್ಟೇ ಪ್ರಮಾಣವನ್ನು ತುಂಬಿ ತೆಗೆದಿದ್ದೇವೆ.

ತರಕಾರಿ ಫ್ರೈಡ್ ರೈಸ್ (ಸಸ್ಯಾಹಾರ), 400 ಗ್ರಾಂ, ಒಬ್ಬರಿಗೆ
ಉದುರುದುರಾದ ಅನ್ನ 280 ಗ್ರಾಂ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್, ದೊಣ್ಣೆಮೆಣಸಿನಕಾಯಿ ಮತ್ತು ಈರುಳ್ಳಿ ಸೊಪ್ಪು 120 ಗ್ರಾಂ. ಖಾರ ಕಡಿಮೆ. ಸೋಯಾ ಸಾಸ್ ಬಳಸುವುದರಿಂದ ಸೋಯಾ ಮತ್ತು ಗೋಧಿಯ ಅಂಶವಿದೆ. ಮೊಟ್ಟೆಯ ಫ್ರೈಡ್ ರೈಸನ್ನು ಹುರಿಯುವ ಬಾಣಲೆಯನ್ನೇ ತೊಳೆದು ಇದಕ್ಕೂ ಬಳಸುತ್ತೇವೆ. ಮೊಟ್ಟೆಯ ಅಲರ್ಜಿ ಇರುವವರೂ ಮೊಟ್ಟೆಯ ಸೋಂಕು ಬೇಡವೆನ್ನುವವರೂ ದಯವಿಟ್ಟು ಇದನ್ನು ಗಮನಿಸಬೇಕು.

ಮೊಟ್ಟೆ ಫ್ರೈಡ್ ರೈಸ್, 450 ಗ್ರಾಂ, ಒಬ್ಬರಿಗೆ
ಅನ್ನ ಅಷ್ಟೇ, 280 ಗ್ರಾಂ. ತರಕಾರಿ 70 ಗ್ರಾಂ, ಹುರಿದು ಬೆರೆಸಿದ ಎರಡು ಮೊಟ್ಟೆ. ಸೋಯಾ ಮತ್ತು ಗೋಧಿಯ ಅಂಶವಿದೆ.

ಕೋಳಿ ಗ್ರೇವಿ (ಮೂಳೆ ಸಹಿತ), 450 ಗ್ರಾಂ, ಅನ್ನದೊಂದಿಗೆ ಇಬ್ಬರಿಗೆ
ಡಬ್ಬಿಯಲ್ಲಿ ನಾಲ್ಕು ತುಂಡುಗಳಿರುತ್ತವೆ. ತುಂಡುಗಳ ಒಟ್ಟು ತೂಕ 220 ಗ್ರಾಂ, ಉಳಿದ 230 ಗ್ರಾಂ ಗ್ರೇವಿ. ಮೂಳೆಯನ್ನು ಕಳೆದರೆ ತಿನ್ನಲು ಸಿಗುವ ಮಾಂಸ ಸುಮಾರು 150 ಗ್ರಾಂ. ಆದ್ದರಿಂದ ಮಾಂಸವೇ ಮುಖ್ಯವೆನ್ನುವವರು ಇದನ್ನು ಒಬ್ಬರಿಗೆಂದೇ ಲೆಕ್ಕ ಹಾಕುವುದು ಒಳ್ಳೆಯದು. ಎರಡು ತುಂಡು ತೊಡೆ ಅಥವಾ ಕಾಲಿನ ಭಾಗದಿಂದ, ಎರಡು ಎದೆಯ ಭಾಗದಿಂದ ಬರುತ್ತವೆ; ರೆಕ್ಕೆ ಮತ್ತು ಕತ್ತನ್ನು ಸೇರಿಸುವುದಿಲ್ಲ. ಈರುಳ್ಳಿ ಮತ್ತು ಟೊಮೆಟೊವನ್ನು ಎಣ್ಣೆ ಬಿಡುವವರೆಗೆ ಬಾಡಿಸಿ, ಗೋಡಂಬಿಯನ್ನು ಅರೆದು ಸೇರಿಸಿ ಗ್ರೇವಿ ಮಾಡುತ್ತೇವೆ. ಖಾರ ಮಧ್ಯಮ. ಗೋಡಂಬಿ ತೆಗೆದು ಮಾಡಿಕೊಡಿ ಎಂದು ಸೂಚನೆ ಬರೆದರೂ ನಡೆಸಿಕೊಡಲಾರೆವು, ಏಕೆಂದರೆ ಗ್ರೇವಿಯ ಮಸಾಲೆಯನ್ನು ಬೆಳಿಗ್ಗೆಯೇ ಒಟ್ಟಿಗೆ ಅರೆದಿಟ್ಟಿರುತ್ತೇವೆ. ಅನ್ನ ಇದರ ಜೊತೆಗೆ ಬರುವುದಿಲ್ಲ.

ಸುಟ್ಟ ಕೋಳಿ (ಮೂಳೆರಹಿತ), ಆರು ತುಂಡು, 180 ಗ್ರಾಂ
ಇದು ಊಟವಲ್ಲ, ಊಟಕ್ಕೆ ಮುಂಚಿನ ತಿನಿಸು. ಮೊಸರು, ನಿಂಬೆರಸ ಮತ್ತು ಕರಿಮೆಣಸಿನಲ್ಲಿ ನೆನೆಸಿಟ್ಟು ಒಲೆಯಲ್ಲಿ ಸುಡುತ್ತೇವೆ. ಸುಡುವಾಗ ನೀರು ಆರಿ ಮಾಂಸ ಕುಗ್ಗುತ್ತದೆ. ಹಸಿಯಾಗಿದ್ದಾಗ ಸುಮಾರು 240 ಗ್ರಾಂ ಇದ್ದದ್ದು 180 ಗ್ರಾಂಗೆ ಇಳಿಯುತ್ತದೆ, ಮತ್ತು ನಿಮಗೆ ತಲುಪುವುದು ಈ ಇಳಿದ ತೂಕವೇ. ಹಾಲಿನ ಅಂಶವಿದೆ. ಗ್ರೇವಿ ಇರುವುದಿಲ್ಲ.

ಅಣಬೆ ಪಾಸ್ತಾ, ಬಿಳಿ ಸಾಸಿನಲ್ಲಿ (ಸಸ್ಯಾಹಾರ), 380 ಗ್ರಾಂ, ಒಬ್ಬರಿಗೆ
ಬೆಂದ ಪಾಸ್ತಾ 200 ಗ್ರಾಂ, ಸಾಸ್ 120 ಗ್ರಾಂ, ಬೆಣ್ಣೆಯಲ್ಲಿ ಹುರಿದ ಅಣಬೆ 60 ಗ್ರಾಂ. ಅಣಬೆ ಹುರಿದಾಗ ಬಹಳ ಕುಗ್ಗುವುದರಿಂದ ಕಣ್ಣಿಗೆ ಕಡಿಮೆ ಕಾಣಬಹುದು. ಹಾಲು, ಬೆಣ್ಣೆ ಮತ್ತು ಮೈದಾದ ಸಾಸ್ ದಾರಿಯಲ್ಲಿ ಆರುತ್ತ ಬಂದಂತೆ ಗಟ್ಟಿಯಾಗುತ್ತದೆ. ಎರಡು ಚಮಚ ಬಿಸಿ ಹಾಲು ಬೆರೆಸಿ ಕಲಕಿದರೆ ಮತ್ತೆ ಸಡಿಲವಾಗುತ್ತದೆ. ಗೋಧಿ ಮತ್ತು ಹಾಲಿನ ಅಂಶವಿದೆ.

ಕಾಬೂಲಿ ಕಡಲೆ ಸಲಾಡ್ (ಸಸ್ಯಾಹಾರ), 250 ಗ್ರಾಂ, ಒಬ್ಬರಿಗೆ ಲಘು ಊಟ
ಬೇಯಿಸಿದ ಕಡಲೆ 140 ಗ್ರಾಂ, ಸೌತೆಕಾಯಿ, ಟೊಮೆಟೊ ಮತ್ತು ಈರುಳ್ಳಿ 90 ಗ್ರಾಂ, ಎಳ್ಳು ಮತ್ತು ನಿಂಬೆಯ ಸಾಸ್ 20 ಗ್ರಾಂ. ತರಕಾರಿ ನೀರು ಬಿಡದಿರಲೆಂದು ಸಾಸನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ಕೊಡುತ್ತೇವೆ. ತಣ್ಣಗೆ ತಿನ್ನುವ ತಿನಿಸು. ಎಳ್ಳಿನ ಅಂಶವಿದೆ.

ಟೊಮೆಟೊ ಸೂಪ್ (ಸಸ್ಯಾಹಾರ), 300 ಮಿಲಿಲೀಟರ್, ಒಬ್ಬರಿಗೆ
ಕೆನೆ ಸೇರಿಸಿದ ನುಣುಪಾದ ಸೂಪ್. ಬ್ರೆಡ್ ಜೊತೆಗೆ ಬರುವುದಿಲ್ಲ.

ಆಲೂಗಡ್ಡೆ ಫ್ರೈ (ಸಸ್ಯಾಹಾರ), 150 ಗ್ರಾಂ
ಉಪ್ಪು ಮಾತ್ರ ಹಾಕಿರುತ್ತದೆ. ಮಾಂಸ ಕರಿದ ಎಣ್ಣೆಯನ್ನು ಇದಕ್ಕೆ ಬಳಸುವುದಿಲ್ಲ. ಹಬೆ ಹೊರಹೋಗಲೆಂದು ಮುಚ್ಚಳದಲ್ಲಿ ರಂಧ್ರಗಳಿದ್ದರೂ, ಅರ್ಧ ಗಂಟೆಗಿಂತ ಹೆಚ್ಚು ದಾರಿಯಲ್ಲಿದ್ದರೆ ಗರಿಗರಿ ಉಳಿಯುವುದಿಲ್ಲ. ದೂರದಲ್ಲಿರುವವರು ಇದರ ಬದಲು ಬೇರೆ ತಿನಿಸನ್ನು ಆರಿಸಿಕೊಳ್ಳಬೇಕೆಂದು ನಮ್ಮ ಕೋರಿಕೆ.

ಚಾಕೊಲೇಟ್ ಬ್ರೌನಿ, ಒಂದು ತುಂಡು, 80 ಗ್ರಾಂ
ಅಂಗೈಗಿಂತ ಚಿಕ್ಕದು. ಮೊಟ್ಟೆ, ಹಾಲು, ಗೋಧಿ ಮತ್ತು ಅಕ್ರೋಟಿನ ಅಂಶವಿದೆ.

ಸಾದಾ ಅನ್ನ (ಸಸ್ಯಾಹಾರ), 300 ಗ್ರಾಂ, ಒಬ್ಬರಿಗೆ
ಸುಮಾರು 100 ಗ್ರಾಂ ಅಕ್ಕಿಯಿಂದ ಆದ ಅನ್ನ. ಉಳಿದರೆ ಹೊರಗೆ ಇಡದೆ ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟು, ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಿ.

ಇಬ್ಬರ ಊಟ, ಒಟ್ಟು 1,050 ಗ್ರಾಂ
ಕೋಳಿ ಗ್ರೇವಿ ಒಂದು ಡಬ್ಬಿ, ಸಾದಾ ಅನ್ನ ಎರಡು ಡಬ್ಬಿ. ಜೋಡಿಯಾಗಿ ತರಿಸಿದಾಗಲೂ ಪ್ರಮಾಣವನ್ನು ಕಡಿಮೆ ಮಾಡುವುದಿಲ್ಲ. ಮೇಲೆ ಬರೆದ ಡಬ್ಬಿಗಳೇ ಬರುತ್ತವೆ. ಬ್ರೌನಿ ಮತ್ತು ಸೂಪ್ ಬೇಕಾದರೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.